ಅಪಘಾತದ ಸುತ್ತ ನೆರೆದ ಗುಂಪನ್ನು ಕೆಲಸಕ್ಕೆ ಹಚ್ಚುವುದು ಹೇಗೆ?

ರಾತ್ರಿ ಎಂಟೂವರೆ. ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿ ದಾಟಿ ಕೆಂಗೇರಿ ಕಡೆ ಹೋಗುವಾಗ ಮೆಟ್ರೊ ಪಿಲ್ಲರ್ ಪಕ್ಕದಲ್ಲೇ ಒಂದು ಸ್ಕೂಟರ್ ಮಳೆನೀರಿಗೆ ಜಾರಿ ಬಿದ್ದಿದೆ ಅಂದುಕೊಳ್ಳಿ. ಸವಾರನ ತಲೆಯ ಮೇಲೆ ಹೆಲ್ಮೆಟ್ ಇದೆ. ಎಡಗಾಲಿನಿಂದ ರಕ್ತ ಸುರಿಯುತ್ತಿದೆ. ಮಾತಾಡಿಸಿದರೆ ಹ್ಞೂಂ ಅನ್ನುತ್ತಾನೆ, ಏಳಲಾರ. ನೋಡನೋಡುತ್ತಲೇ ಇಪ್ಪತ್ತು ಇಪ್ಪತ್ತೈದು ಜನ ಸೇರುತ್ತಾರೆ. ಇಬ್ಬರು ವಿಡಿಯೊ ಮಾಡುತ್ತಿದ್ದಾರೆ. ಹಿರಿಯರೊಬ್ಬರು ‘ಯಾರಾದ್ರೂ ಆಂಬುಲೆನ್ಸ್‌ಗೆ ಫೋನ್ ಮಾಡ್ರಪ್ಪಾ’ ಅನ್ನುತ್ತಾರೆ. ಎಲ್ಲರೂ ಹೌದು ಹೌದು ಅಂತ ತಲೆಯಾಡಿಸುತ್ತಾರೆ. ಐದು ನಿಮಿಷ ಕಳೆದರೂ ಒಬ್ಬರೂ ಫೋನ್ ಮಾಡಿರುವುದಿಲ್ಲ. ಬೇರೆ ಯಾರೋ ಮಾಡಿರುತ್ತಾರೆ ಎಂದು ಪ್ರತಿಯೊಬ್ಬರೂ ತಿಳಿದಿರುತ್ತಾರೆ.

ಮರುದಿನ ಆ ವಿಡಿಯೊ ನೋಡಿದವರು ‘ಬೆಂಗಳೂರಿನವರಿಗೆ ಕರುಣೆಯೇ ಇಲ್ಲ’ ಎಂದು ಬರೆಯುತ್ತಾರೆ. ಈ ತೀರ್ಪು ಸುಲಭ, ಆದರೆ ಅರ್ಧ ತಪ್ಪು. 1964ರಲ್ಲಿ ನ್ಯೂಯಾರ್ಕ್‌ನಲ್ಲಿ ಯುವತಿಯೊಬ್ಬರ ಕೊಲೆಯಾದಾಗ 38 ಮಂದಿ ಕಿಟಕಿಯಿಂದ ನೋಡುತ್ತಾ ಸುಮ್ಮನಿದ್ದರು ಎಂದು ಅಲ್ಲಿನ ಪತ್ರಿಕೆ ಬರೆದಾಗಲೂ ಎಲ್ಲರೂ ಇದನ್ನೇ ಅಂದರು. ಆ ಸಂಖ್ಯೆ ಉತ್ಪ್ರೇಕ್ಷೆ ಎಂದು ಆಮೇಲೆ ಗೊತ್ತಾಯಿತು. ಆದರೆ ಅದೇ ಸುದ್ದಿಯಿಂದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರಿಗೆ ಒಂದು ಪ್ರಶ್ನೆ ಹುಟ್ಟಿತು: ಜನ ಹೆಚ್ಚಿದ್ದದ್ದೇ ಕಾರಣ ಇರಬಹುದೇ?

1968ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಇಂಟರ್‌ಕಾಂನಲ್ಲಿ ಮಾತಾಡಲು ಹೇಳಿದರು. ನಡುವೆ ಒಂದು ದನಿ ತೊದಲತೊಡಗಿ, ಫಿಟ್ಸ್ ಬಂದಂತೆ ನರಳಿತು. ಅದು ರೆಕಾರ್ಡ್ ಮಾಡಿದ ದನಿ. ಕೇಳುತ್ತಿರುವುದು ತಾನೊಬ್ಬನೇ ಎಂದುಕೊಂಡಿದ್ದವರಲ್ಲಿ ನೂರಕ್ಕೆ 85 ಮಂದಿ ಆ ನರಳಾಟ ಮುಗಿಯುವ ಮೊದಲೇ ಹೊರಗೆ ಬಂದು ಸಹಾಯ ಕೇಳಿದರು. ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನಂಬಿದ್ದವರಲ್ಲಿ ಹಾಗೆ ಬಂದವರು ನೂರಕ್ಕೆ 31. ನನಗೆ ಈ ಲೆಕ್ಕಕ್ಕಿಂತ ಮುಖ್ಯವೆನಿಸುವುದು ಇನ್ನೊಂದು. ಹೊರಗೆ ಬರದೆ ಕೂತಿದ್ದವರ ಬಳಿ ಸಂಶೋಧಕರು ಹೋದಾಗ ಹಲವರ ಕೈ ನಡುಗುತ್ತಿತ್ತು, ಅಂಗೈ ಬೆವತಿತ್ತು. ‘ಅವನಿಗೇನೂ ಆಗಿಲ್ಲ ತಾನೆ?’ ಎಂದು ಅವರೇ ಮೊದಲು ಕೇಳಿದರು. ಕಾಳಜಿ ಇತ್ತು. ಆ ಕೆಲಸ ತನ್ನದೇ ಎನ್ನುವುದು ಮಾತ್ರ ಖಚಿತವಿರಲಿಲ್ಲ. ಐವರಿಗೆ ಹಂಚಿಹೋದ ಹೊಣೆ ಯಾರ ತಲೆಯ ಮೇಲೂ ಕೂರಲಿಲ್ಲ.

ಹಾಗಂತ ಗುಂಪು ಸೇರಿದರೆ ಕೆಟ್ಟಿತು ಎಂದೂ ಅಲ್ಲ. ಆಮ್‌ಸ್ಟರ್‌ಡ್ಯಾಮ್, ಲ್ಯಾಂಕಾಸ್ಟರ್, ಕೇಪ್‌ಟೌನ್ ನಗರಗಳ ಸಿಸಿಟಿವಿಯಲ್ಲಿ ಸಿಕ್ಕ 219 ಬೀದಿ ಜಗಳಗಳನ್ನು ಸಂಶೋಧಕರು ನೋಡಿದಾಗ ಹತ್ತರಲ್ಲಿ ಒಂಬತ್ತು ಕಡೆ ಒಬ್ಬರಾದರೂ ನಡುವೆ ಬಂದಿದ್ದರು. ಜನ ಹೆಚ್ಚಿದ್ದಷ್ಟೂ ಯಾರಾದರೊಬ್ಬರು ಬರುವ ಸಾಧ್ಯತೆ ಹೆಚ್ಚಿತ್ತು. ಅಪಾಯ ಕಣ್ಣಿಗೆ ಕಟ್ಟಿದಂತೆ ಕಂಡಾಗ ಜನ ಮುಂದೆ ಬರುತ್ತಾರೆ. ಅಂದರೆ ನಾಯಂಡಹಳ್ಳಿಯ ಆ ಇಪ್ಪತ್ತೈದು ಜನರಲ್ಲಿ ನಾಲ್ಕೈದು ಕೆಲಸದ ಕೈಗಳು ಇದ್ದೇ ಇವೆ. ಅವನ್ನು ಗುಂಪಿನಿಂದ ಹೊರಗೆ ತೆಗೆಯುವುದು ಹೇಗೆ?

ಮೊದಲು, ಏನಾಗಿದೆ ಎಂದು ಜೋರಾಗಿ ಹೇಳಿ

ಗುಂಪಿನಲ್ಲಿ ನಿಂತವರು ಬಿದ್ದವನನ್ನು ನೋಡುವುದಕ್ಕಿಂತ ಹೆಚ್ಚಾಗಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಎಲ್ಲರೂ ಗಾಬರಿಯನ್ನು ನುಂಗಿಕೊಂಡು ನಿಂತಿರುವುದರಿಂದ, ಅಂಥದ್ದೇನೂ ಆಗಿಲ್ಲವೇನೋ ಎಂದು ಎಲ್ಲರಿಗೂ ಅನ್ನಿಸುತ್ತದೆ. ಅದೇ ಇಬ್ಬರು ವಿಜ್ಞಾನಿಗಳು ಕೋಣೆಯೊಳಗೆ ಹೊಗೆ ಬಿಟ್ಟು ಪರೀಕ್ಷಿಸಿದ್ದರು. ಒಂಟಿಯಾಗಿದ್ದವರಲ್ಲಿ ನೂರಕ್ಕೆ 75 ಮಂದಿ ಎದ್ದುಹೋಗಿ ವಿಷಯ ತಿಳಿಸಿದರು. ಪಕ್ಕದಲ್ಲಿ ಏನೂ ಆಗಿಲ್ಲವೆಂಬಂತೆ ನಟಿಸುವ ಇಬ್ಬರು ಕೂತಿದ್ದಾಗ ತಿಳಿಸಿದ್ದು ನೂರಕ್ಕೆ ಹತ್ತು ಮಂದಿ.

ನಮ್ಮಲ್ಲಿ ಇದರ ಜೊತೆ ಇನ್ನೊಂದು ಮಾತು ಸೇರುತ್ತದೆ: ‘ಕುಡಿದಿರಬೇಕು ಬಿಡಿ.’ 1969ರಲ್ಲಿ ಪ್ರಕಟವಾದ ನ್ಯೂಯಾರ್ಕ್ ಮೆಟ್ರೊದ ಪ್ರಯೋಗವೊಂದರಲ್ಲಿ ಊರುಗೋಲು ಹಿಡಿದವನು ಕುಸಿದಾಗ ಹೆಚ್ಚುಕಡಿಮೆ ಪ್ರತಿಸಲವೂ ಯಾರೋ ತಾವಾಗಿ ಎತ್ತಿದರು. ಹೆಂಡದ ವಾಸನೆ ಹೊಡೆಯುತ್ತಾ ಬಾಟಲಿ ಹಿಡಿದವನು ಕುಸಿದಾಗ ಹಾಗೆ ಎತ್ತಿದ್ದು ಅರ್ಧದಷ್ಟು ಸಲ ಮಾತ್ರ. ಸಕ್ಕರೆ ಕಾಯಿಲೆಯವರಿಗೆ ಶುಗರ್ ಇಳಿದರೂ ಮಾತು ತೊದಲುತ್ತದೆ, ಮೈ ಬೆವರುತ್ತದೆ, ನಡಿಗೆ ತೂರಾಡುತ್ತದೆ ಎಂಬುದು ಆಗ ಯಾರಿಗೂ ಹೊಳೆಯುವುದಿಲ್ಲ.

ಆದ್ದರಿಂದ ಬಗ್ಗಿ ನೋಡಿ, ಕಂಡದ್ದನ್ನು ಎಲ್ಲರಿಗೂ ಕೇಳುವಂತೆ ಹೇಳಿ: ‘ಉಸಿರಾಡ್ತಿದ್ದಾರೆ, ಕಾಲಿಂದ ತುಂಬಾ ರಕ್ತ ಹೋಗ್ತಿದೆ, ಆಂಬುಲೆನ್ಸ್ ಬೇಕು.’ ಇಷ್ಟು ಸಾಕು. ಮುಖ ನೋಡಿಕೊಳ್ಳುವ ಆಟ ಅಲ್ಲಿಗೆ ನಿಲ್ಲುತ್ತದೆ.

ಆಮೇಲೆ, ಒಬ್ಬರನ್ನೇ ಹಿಡಿಯಿರಿ

ಇಡೀ ಲೇಖನದಲ್ಲಿ ಒಂದೇ ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಗುಂಪಿಗೆ ಹೇಳಬೇಡಿ, ಗುಂಪಿನಲ್ಲಿರುವ ಒಬ್ಬರಿಗೆ ಹೇಳಿ. 1975ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಥಾಮಸ್ ಮೊರಿಯಾರ್ಟಿ ನ್ಯೂಯಾರ್ಕ್ ಬಳಿಯ ಸಮುದ್ರತೀರದಲ್ಲಿ ಇದನ್ನು ಅಚ್ಚುಕಟ್ಟಾಗಿ ತೋರಿಸಿದರು. ಒಬ್ಬಾತ ರೇಡಿಯೊ ಬಿಟ್ಟು ಎದ್ದುಹೋಗುತ್ತಾನೆ, ಇನ್ನೊಬ್ಬ ಬಂದು ಅದನ್ನು ಎತ್ತಿಕೊಂಡು ಹೊರಡುತ್ತಾನೆ. ಇಬ್ಬರೂ ಪ್ರಯೋಗದವರೇ. ಪಕ್ಕದಲ್ಲಿ ಮಲಗಿದ್ದ ಅಪರಿಚಿತರಲ್ಲಿ ಐದಕ್ಕೆ ಒಬ್ಬರು ಮಾತ್ರ ಕಳ್ಳನನ್ನು ತಡೆದರು. ಹೋಗುವ ಮೊದಲು ‘ಸ್ವಲ್ಪ ನನ್ನ ಸಾಮಾನು ನೋಡ್ಕೊಳ್ತೀರಾ?’ ಎಂದು ಕೇಳಿ ಹೋದಾಗ ಇಪ್ಪತ್ತರಲ್ಲಿ ಹತ್ತೊಂಬತ್ತು ಮಂದಿ ತಡೆದರು. ಜನ ಅಂಥವರೇ, ಕಡಲು ಅದೇ, ರೇಡಿಯೊ ಅದೇ. ಬದಲಾದದ್ದು ಒಂದು ಕೋರಿಕೆ ಮಾತ್ರ.

ರಸ್ತೆಯಲ್ಲಿ ಹೆಸರು ಗೊತ್ತಿರುವುದಿಲ್ಲ. ಬಟ್ಟೆಯ ಬಣ್ಣ ಹಿಡಿದು ಕರೆಯಿರಿ, ಕಣ್ಣಲ್ಲಿ ಕಣ್ಣಿಟ್ಟು ಕೈ ತೋರಿಸಿ. ‘ನೀಲಿ ಶರ್ಟ್ ಅಣ್ಣಾ, ನೀವು, ಹ್ಞಾಂ ನೀವೇ. 108ಕ್ಕೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ನನ್ನ ಪಕ್ಕಕ್ಕೆ ಬನ್ನಿ.’ ಆತ ತಬ್ಬಿಬ್ಬಾಗಿ ಹಿಂದೆ ನೋಡಬಹುದು. ಆಗ ಎರಡನೇ ಸಲ ಅವರಿಗೇ ಹೇಳಿ, ಬೇರೆಯವರ ಕಡೆ ತಿರುಗಬೇಡಿ. ತಿರುಗಿದರೆ ಕೊಟ್ಟ ಹೊಣೆಯನ್ನು ಮತ್ತೆ ಗುಂಪಿಗೇ ಹಂಚಿದಂತಾಯಿತು. ಕನ್ನಡ ಬಾರದವರಾದರೂ ಯೋಚಿಸಬೇಕಿಲ್ಲ. ತೋರಿಸಿದ ಕೈ, ಕಿವಿಗೆ ಹಿಡಿದ ಫೋನಿನ ಸನ್ನೆ, ‘ಒನ್ ಝೀರೊ ಎಯ್ಟ್’ ಈ ಊರಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ.

ಯಾರನ್ನು ಆರಿಸಬೇಕು? ವಿಡಿಯೊ ಮಾಡುತ್ತಿರುವವರ ಮೇಲೆ ರೇಗುವ ಬದಲು ಅವರನ್ನೇ ಮೊದಲು ಕರೆಯಿರಿ ಎಂಬುದು ನನ್ನ ಅಭಿಪ್ರಾಯ. ಫೋನ್ ಆಗಲೇ ಕೈಯಲ್ಲಿದೆ, ಲಾಕ್ ತೆಗೆದಿದೆ, ಗಮನವೂ ಇಲ್ಲೇ ಇದೆ. ಜಾಗ ಹೇಳಲು ಪಕ್ಕದ ಬೇಕರಿ ಅಥವಾ ಪಂಕ್ಚರ್ ಅಂಗಡಿಯವರು ಉತ್ತಮ. ಇನ್ನು ಬಿದ್ದಾತನ ಮೈಮೇಲೆ ಫುಡ್ ಡೆಲಿವರಿಯ ಟಿ-ಶರ್ಟ್ ಇದ್ದರೆ ಅಂಥದ್ದೇ ಟಿ-ಶರ್ಟಿನವರನ್ನು ಹುಡುಕಿ. ತಮ್ಮವರೆನಿಸಿದರೆ ಜನ ಬೇಗ ಬರುತ್ತಾರೆ. ಇಂಗ್ಲೆಂಡಿನ 2005ರ ಒಂದು ಅಧ್ಯಯನದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳು ಎದುರಾಳಿ ಲಿವರ್‌ಪೂಲ್ ಅಂಗಿ ತೊಟ್ಟು ಬಿದ್ದವನ ನೆರವಿಗೆ ಹೋದದ್ದು ಕಡಿಮೆ. ‘ನಾವೆಲ್ಲ ಫುಟ್‌ಬಾಲ್ ಪ್ರೇಮಿಗಳು’ ಎಂಬ ಭಾವನೆ ಮೊದಲೇ ಮೂಡಿಸಿದಾಗ ಅದೇ ಅಂಗಿಯವನಿಗೂ ಕೈ ಚಾಚಿದರು. ಇಲ್ಲಿನ ಆಟೊ ಚಾಲಕರನ್ನು ನೋಡಿದವರಿಗೆ ಇದಕ್ಕೆ ಪ್ರಯೋಗವೇ ಬೇಡ.

ಕೆಲಸ ಚಿಕ್ಕದಿರಲಿ, ಮುಗಿದದ್ದು ಗೊತ್ತಾಗುವಂತಿರಲಿ

‘ಸಹಾಯ ಮಾಡಿ’ ಎಂದರೆ ಏನು ಮಾಡಬೇಕೆಂದೇ ತಿಳಿಯದೆ ಜನ ನಿಲ್ಲುತ್ತಾರೆ. ತುಂಡು ಮಾಡಿ ಕೊಡಿ. ನಮ್ಮ ಸ್ಕೂಟರ್ ಅಪಘಾತಕ್ಕೆ ಬೇಕಾದವರು ಮೂವರು.

ಫೋನ್ ಹಿಡಿದವರು ಜಾಗ ಹೇಳಬೇಕು. ‘ಮೈಸೂರ್ ರೋಡ್’ ಎಂದರೆ ಸಾಲದು, ಅದು ಮೈಲುಗಟ್ಟಲೆ ಉದ್ದವಿದೆ. ತಲೆ ಎತ್ತಿ ಮೆಟ್ರೊ ಪಿಲ್ಲರ್ ಮೇಲಿನ ನಂಬರ್ ಓದಿ. ಕೆಂಗೇರಿ ಕಡೆ ಹೋಗುವ ಬದಿಯೋ ಸಿಟಿ ಕಡೆ ಬರುವ ಬದಿಯೋ ಎಂದೂ ಹೇಳಿ. ಬದಿ ತಪ್ಪಿದರೆ ಆಂಬುಲೆನ್ಸ್ ಮುಂದಿನ ಯು-ಟರ್ನ್‌ವರೆಗೆ ಹೋಗಿ ಬರಬೇಕು. ಆ ಕಡೆಯವರು ಇಡಿ ಎನ್ನುವವರೆಗೆ ಫೋನ್ ಇಡಬಾರದು. ಮುಗಿದ ಮೇಲೆ ನಿಮ್ಮ ಬಳಿ ಬಂದು ‘ಹೇಳಿದೆ, ಬರ್ತಿದ್ದಾರೆ’ ಎನ್ನಬೇಕು. ಇದನ್ನು ಮೊದಲೇ ತಿಳಿಸಿರಿ, ಇಲ್ಲದಿದ್ದರೆ ಕರೆ ಹೋಯಿತೋ ಇಲ್ಲವೋ ನಿಮಗೆ ತಿಳಿಯುವುದಿಲ್ಲ. 108 ಸಿಗದಿದ್ದರೆ 112.

ಎರಡನೆಯವರು ಬೈಕನ್ನು ಹಿಂದೆ ಅಡ್ಡ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಇರುವ ಕಾರಾದರೆ ಇನ್ನೂ ಒಳ್ಳೆಯದು, ವಾಹನಗಳನ್ನು ಪಕ್ಕಕ್ಕೆ ಕಳಿಸಬೇಕು. ಮೂರನೆಯವರು ನೀವೇ ಆಗಬಹುದು: ಒಗೆದ ಕರವಸ್ತ್ರವೋ ದುಪಟ್ಟಾವೋ ಮಡಿಸಿ ಗಾಯದ ಮೇಲಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಬೇಕು. ನಿಂತಿತೇ ಎಂದು ಎತ್ತೆತ್ತಿ ನೋಡಬಾರದು. ನೆನೆದರೆ ಮೇಲೆ ಇನ್ನೊಂದು ಬಟ್ಟೆ.

ಗುಂಪು ಚುರುಕಾದ ಮೇಲೆ ಎದುರಾಗುವ ಅಪಾಯ ಬೇರೆ. ಅಲ್ಲಿಯವರೆಗೆ ಸುಮ್ಮನಿದ್ದವರೆಲ್ಲ ಒಮ್ಮೆಗೇ ಕೈ ಹಾಕುತ್ತಾರೆ. ಒಬ್ಬರು ನೀರು ಕುಡಿಸಲು ಬರುತ್ತಾರೆ, ಒಬ್ಬರು ಹೆಲ್ಮೆಟ್ ಎಳೆಯುತ್ತಾರೆ, ಇಬ್ಬರು ತೋಳು ಹಿಡಿದು ಆಟೊದಲ್ಲಿ ಕೂರಿಸಲು ನೋಡುತ್ತಾರೆ. ಕತ್ತಿನ ಮೂಳೆಗೆ ಪೆಟ್ಟಾಗಿದ್ದರೆ ಇದೇ ಹಾನಿ ಮಾಡುತ್ತದೆ. ಉಸಿರಾಟ ಸರಿಯಿದ್ದರೆ ಹೆಲ್ಮೆಟ್ ಇದ್ದಲ್ಲೇ ಇರಲಿ, ನೀರು ಬೇಡ. ಹಾಗೆ ಬರುವವರಿಗೂ ಗದರುವ ಬದಲು ಕೆಲಸ ಕೊಡಿ: ‘ಅಕ್ಕಾ, ನೀರು ಬೇಡ, ಇವರ ತಲೆ ಅಲುಗಾಡದ ಹಾಗೆ ಎರಡೂ ಕಡೆ ಹಿಡ್ಕೊಳ್ಳಿ, ಮಾತಾಡಿಸ್ತಾ ಇರಿ.’

ಬಿದ್ದವರು ನೀವೇ ಆಗಿದ್ದು ಪ್ರಜ್ಞೆ ಇದ್ದರೆ ವಿಧಾನ ಇದೇ. ನರಳಿದರೆ ಗುಂಪು ಬೆಳೆಯುತ್ತದೆ. ಒಬ್ಬರ ಕಣ್ಣು ಹಿಡಿದು ‘ಕನ್ನಡಕದ ಮೇಡಂ, 108ಕ್ಕೆ ಫೋನ್ ಮಾಡಿ’ ಎಂದರೆ ಕೆಲಸವಾಗುತ್ತದೆ. ಚಾಕು ಹಿಡಿದ ಜಗಳಗಳಿಗೆ ಮಾತ್ರ ಈ ಲೇಖನ ಅನ್ವಯಿಸದು. ಅಲ್ಲಿ ದೂರ ನಿಂತು 112ಕ್ಕೆ ಹೇಳುವುದೇ ಸಹಾಯ.

‘ಆಮೇಲೆ ಸ್ಟೇಷನ್ನಿಗೆ ಅಲೆಯೋದು ಯಾರು?’

ನೀಲಿ ಶರ್ಟಿನವರು ಹಿಂದೆ ಸರಿಯಲು ಇದೂ ಒಂದು ಕಾರಣ, ಅದಕ್ಕೆ ಉತ್ತರ ಸಿದ್ಧವಿಟ್ಟುಕೊಳ್ಳಿ. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ನೆರವಿಗೆ ಬಂದವರ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿತು. ಒಳ್ಳೆಯ ಉದ್ದೇಶದಿಂದ, ಏನನ್ನೂ ನಿರೀಕ್ಷಿಸದೆ ನೆರವಾದವರ ಮೇಲೆ, ಗಾಯಾಳುವಿಗೆ ಏನೇ ಆದರೂ, ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. ಹೆಸರು, ವಿಳಾಸ ಕೊಡಿ ಎಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಒತ್ತಾಯಿಸುವಂತಿಲ್ಲ. ಕರೆತಂದವರಿಂದ ಅಡ್ವಾನ್ಸ್ ಹಣ ಕೇಳುವಂತೆಯೂ ಇಲ್ಲ. ಕೌಂಟರಿನಲ್ಲಿ ಯಾರಾದರೂ ಕೇಳಿದರೆ ‘ನಾನು ಸಂಬಂಧಿಕನಲ್ಲ, ದಾರಿಯಲ್ಲಿ ಸಿಕ್ಕವನು’ ಎಂದು ತಿಳಿಸಿ ಹೊರಡಬಹುದು. ಕಣ್ಣಾರೆ ಕಂಡ ಸಾಕ್ಷಿಯಾಗಲು ನೀವಾಗಿಯೇ ಒಪ್ಪಿದರೆ ಮಾತ್ರ ಪೊಲೀಸರು ಹೇಳಿಕೆ ಪಡೆಯುತ್ತಾರೆ. ಅದನ್ನೂ ನಿಮಗೆ ಅನುಕೂಲವಾದ ಹೊತ್ತಿನಲ್ಲಿ, ನಿಮ್ಮ ಮನೆಯಲ್ಲೋ ಆಫೀಸಿನಲ್ಲೋ ಪಡೆಯುವಂತೆ ನೀವು ಕೇಳಬಹುದು.