ನನ್ನ ಜೇನು ನನ್ನದೇ ಪರೀಕ್ಷೆಯಲ್ಲಿ ಫೇಲಾದ ಕಥೆ

ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ತಂಗಿಯ ಮಗಳು ಫೋನ್ ಮಾಡಿದಳು. "ಮಾವ, ಬೇಜಾರು ಮಾಡ್ಕೋಬೇಡಿ. ಅಪ್ಪಟ ಜೇನು ನೀರಲ್ಲಿ ಕರಗದೆ ತಳಕ್ಕೆ ಇಳೀಬೇಕಂತೆ. ನೀವು ಕೊಟ್ಟದ್ದು ನೀರಿಗೆ ಹಾಕಿದ್ರೆ ಕರಗಿ ಹೋಗ್ತಿದೆ. ಅಂಗಡಿಯದ್ದು ಮಾತ್ರ ಉಂಡೆ ಥರ ತಳದಲ್ಲಿ ಕೂತಿದೆ."

ನಾನು ಇರುವುದು ಸುಳ್ಯದ ಕಡೆ. ತೋಟದ ಅಂಚಿನಲ್ಲಿ ತುಡುವೆ ಅನ್ನುವ ನಾಡು ಜೇನುಹುಳದ ಆರು ಪೆಟ್ಟಿಗೆ ಇಟ್ಟಿದ್ದೇನೆ. ಅವಳಿಗೆ ಕೊಟ್ಟದ್ದು ನಾನೇ ಎರಿ ತೆಗೆದು, ಯಂತ್ರದಲ್ಲಿ ತಿರುಗಿಸಿ, ಬಟ್ಟೆಯಲ್ಲಿ ಸೋಸಿದ ಜೇನು. ಅದರಲ್ಲಿ ಬೆರಕೆ ಏನೂ ಇಲ್ಲ ಅಂತ ಹೇಳಲು ಜಗತ್ತಿನಲ್ಲಿ ಯಾರಿಗಾದರೂ ಅಧಿಕಾರ ಇದ್ದರೆ ಅದು ನನಗೆ. ಆದರೂ ಸಿಟ್ಟು ಬರಲಿಲ್ಲ, ಕುತೂಹಲ ಬಂತು. ಒಂದು ಭಾನುವಾರ ಅಡುಗೆಮನೆಯಲ್ಲಿ ಕೂತು ನಾನೂ ಮಾಡಿ ನೋಡಿದೆ.

ಮೇಜಿನ ಮೇಲೆ ಮೂರು ಬಟ್ಟಲು. ಒಂದರಲ್ಲಿ ನನ್ನ ಜೇನು. ಇನ್ನೊಂದರಲ್ಲಿ ಸಕ್ಕರೆ ಪಾಕ. ಮೂರನೆಯದರಲ್ಲಿ ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಗ್ಲೂಕೋಸ್. ಬಣ್ಣ ಬರಲಿ ಅಂತ ಅದಕ್ಕೆ ಒಂದು ಚಮಚ ಸುಟ್ಟ ಸಕ್ಕರೆ ಕಲಸಿದ್ದೆ. ನೋಡಲು ಮೂರರಲ್ಲಿ ಅದೇ ಒಳ್ಳೆಯ ಜೇನಿನ ಹಾಗೆ ಕಾಣುತ್ತಿತ್ತು!

ಮೊದಲು ನೀರಿನ ಲೋಟ. ಸಕ್ಕರೆ ಪಾಕ ಬಿದ್ದ ಕೂಡಲೇ ಹರಡಿತು. ಲಿಕ್ವಿಡ್ ಗ್ಲೂಕೋಸ್ ಗೋಲಿಯ ಹಾಗೆ ಇಳಿದು ತಳದಲ್ಲಿ ಕೂತಿತು, ಐದು ನಿಮಿಷವಾದರೂ ಕದಲಲಿಲ್ಲ. ನನ್ನ ಜೇನು ಎಳೆ ಎಳೆಯಾಗಿ ಇಳಿದು, ತಳ ಮುಟ್ಟುವಾಗಲೇ ಅರ್ಧ ಕರಗಿತ್ತು. ಹುಡುಗಿ ಹೇಳಿದ್ದು ಸರಿ. ಆಮೇಲೆ ಅದೇ ಜೇನನ್ನು ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು ಮತ್ತೆ ಹಾಕಿದೆ. ಈಗ ಅದೂ ಉಂಡೆಯಾಗಿ ಕೂತಿತು. ಒಂದೇ ಬಾಟಲಿ, ಒಂದೇ ಜೇನು. ಮೊದಲು ಕಲಬೆರಕೆ, ಗಂಟೆಯ ನಂತರ ಅಪ್ಪಟ! ಅಂದರೆ ಈ ಪರೀಕ್ಷೆ ಅಳೆಯುವುದು ದಪ್ಪವನ್ನು, ಬೇರೇನನ್ನೂ ಅಲ್ಲ. ಸರಕಾರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಮನೆಯಲ್ಲೇ ಮಾಡುವ ಪರೀಕ್ಷೆಗಳ ಪುಸ್ತಕದಲ್ಲಿ ಇದನ್ನು ಕೊಟ್ಟಿದೆ. ಆದರೆ ಅಲ್ಲಿ ಅದು ಇರುವುದು ಸಕ್ಕರೆ ನೀರು ಬೆರೆಸಿದ್ದನ್ನು ಹಿಡಿಯಲು. ಇವತ್ತು ಅಷ್ಟು ಬಡ ಕಲಬೆರಕೆ ಯಾರು ಮಾಡುತ್ತಾರೆ ಹೇಳಿ?

ಅಪ್ಪಟ ಜೇನಿನಲ್ಲಿ ಅದ್ದಿದ ಬತ್ತಿ ಹಚ್ಚಿದರೆ ಉರಿಯುತ್ತದೆ ಅನ್ನುವುದೂ ಇದೇ ಕಥೆ. ನನ್ನ ಜೇನಿನಲ್ಲಿ ಅದ್ದಿದ ಹತ್ತಿ ಚಟಪಟ ಅಂತು, ಉರಿ ಹಿಡಿಯಲಿಲ್ಲ. ಗ್ಲೂಕೋಸಿನದ್ದು ಸ್ವಲ್ಪ ಹೊತ್ತು ಬಿಟ್ಟು ಉರಿಯಿತು. ಉರಿಯುವುದು ಹತ್ತಿ, ತಡೆಯುವುದು ನೀರಿನಂಶ. ಕೆಲವು ವಿಡಿಯೋಗಳಲ್ಲಿ ಬತ್ತಿಯ ತುದಿ ಅದ್ದದೇ ಒಣಗಿಯೇ ಇರುತ್ತದೆ, ಗಮನಿಸಿ. ಹೆಬ್ಬೆರಳ ಮೇಲೆ ಹನಿ ಹರಡಬಾರದು, ಪೇಪರಿನ ಮೇಲೆ ಕಲೆ ಆಗಬಾರದು ಅನ್ನುವುದು, ಎಲ್ಲವೂ ದಪ್ಪದ ಪರೀಕ್ಷೆಗಳೇ. ಇನ್ನು ಅಪ್ಪಟ ಜೇನನ್ನು ನಾಯಿ ಮೂಸುವುದಿಲ್ಲ, ಇರುವೆ ಮುತ್ತುವುದಿಲ್ಲ ಅನ್ನುತ್ತಾರಲ್ಲ, ನಮ್ಮ ಮನೆಯ ಇರುವೆಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ನನ್ನ ಜೇನು ಯಾಕೆ ತೆಳು? ತುಡುವೆ ಜೇನು, ಅದರಲ್ಲೂ ನಮ್ಮ ಕಡೆಯ ತೇವದ ಹವೆಯಲ್ಲಿ, ನೀರಿನಂಶ ಜಾಸ್ತಿ ಇಟ್ಟುಕೊಂಡೇ ಬರುತ್ತದೆ. ರಿಫ್ರಾಕ್ಟೋಮೀಟರಿನಲ್ಲಿ ನೋಡಿದರೆ 23 ಪರ್ಸೆಂಟ್ ಬಂತು. ಕಾನೂನು ಒಪ್ಪುವುದು 20ರವರೆಗೆ. ದೊಡ್ಡ ಘಟಕಗಳು ಕಾಯಿಸಿ ನೀರು ತೆಗೆದು ಆ ಮಟ್ಟಕ್ಕೆ ತರುತ್ತವೆ. ಹಾಗಾಗಿ ನನ್ನದು ಅಪ್ಪಟವಾಗಿದ್ದೂ ಲೆಕ್ಕದಲ್ಲಿ ಫೇಲ್. ಅದು ಮಳೆಗಾಲ ಕಳೆಯುವಾಗ ಹುಳಿ ಬರುತ್ತದೆ, ಮುಚ್ಚಳ ತೆಗೆದರೆ ನೊರೆ ಏಳುತ್ತದೆ. ಕಾಯಿಸಿದ ಸಿರಪ್ ವರ್ಷಗಟ್ಟಲೆ ಹಾಗೇ ಇರುತ್ತದೆ. ಗಟ್ಟಿಯಾದರೆ ಸಕ್ಕರೆ ಬೆರೆಸಿದ್ದಾರೆ ಅನ್ನುವುದೂ ತಪ್ಪು. ಸಾಸಿವೆ, ಸೂರ್ಯಕಾಂತಿ, ನಮ್ಮ ರಬ್ಬರ್ ಜೇನು ಬೇಗ ಹರಳುಗಟ್ಟುತ್ತವೆ. ಅವುಗಳಲ್ಲಿ ಗ್ಲೂಕೋಸ್ ಜಾಸ್ತಿ, ಅಷ್ಟೇ.

ಮನೆಯಲ್ಲಿ ನಾನು ಈಗ ಮಾಡುವುದು ಒಂದೇ ಪರೀಕ್ಷೆ, ತೂಕ. ಖಾಲಿ ಬಾಟಲಿಯನ್ನು ಅಡುಗೆಮನೆ ತಕ್ಕಡಿಯಲ್ಲಿಟ್ಟು ಸೊನ್ನೆ ಮಾಡಿ, 200 ಗ್ರಾಂ ನೀರು ಹಾಕಿ, ಮಟ್ಟಕ್ಕೆ ಗೆರೆ ಎಳೆಯುತ್ತೇನೆ. ಒಣಗಿಸಿ ಅದೇ ಗೆರೆಯವರೆಗೆ ಜೇನು. ನನ್ನದು 276 ಗ್ರಾಂ ಹತ್ತಿರ ಬಂತು. ಅಂಗಡಿಯ ದಪ್ಪ ಜೇನು 280 ದಾಟಬಹುದು. 265ರ ಆಸುಪಾಸು ಬಂದರೆ ಯಾರೋ ನೀರು ಅಥವಾ ತೆಳು ಪಾಕ ಸೇರಿಸಿದ್ದಾರೆ ಅಂತ ಧೈರ್ಯವಾಗಿ ಹೇಳಬಹುದು. ಆದರೆ ಅಕ್ಕಿಯಿಂದ ಮಾಡಿದ ದಪ್ಪ ಸಿರಪ್ಪನ್ನು ಇದು ಹಿಡಿಯುವುದಿಲ್ಲ. ಅದನ್ನು ಹಿಡಿಯಲು ಲ್ಯಾಬಿಗೂ ಕಷ್ಟ. ಕಬ್ಬು, ಜೋಳದ ಸಕ್ಕರೆಯ ಇಂಗಾಲ ಬೇರೆ ಥರ ಇರುತ್ತದೆ, ಅದನ್ನು ಗುರುತಿಸುವ ಪರೀಕ್ಷೆ ಇದೆ. ಅಕ್ಕಿಯದ್ದು ಹೂವಿನ ಮಕರಂದದ ಥರವೇ ಇರುವುದರಿಂದ ಆ ಪರೀಕ್ಷೆಯ ಕಣ್ಣು ತಪ್ಪಿಸುತ್ತದೆ. 2020ರ ಡಿಸೆಂಬರಿನಲ್ಲಿ ದೆಹಲಿಯ ಸಿಎಸ್‌ಇ ಅನ್ನುವ ಪರಿಸರ ಸಂಸ್ಥೆ 13 ಬ್ರ್ಯಾಂಡ್‌ಗಳ ಜೇನನ್ನು ಪರೀಕ್ಷೆ ಮಾಡಿಸಿದಾಗ, ಜರ್ಮನಿಯ ಲ್ಯಾಬಿನಲ್ಲಿ ಎನ್‌ಎಂಆರ್ ಅನ್ನುವ ದೊಡ್ಡ ಯಂತ್ರದ ಪರೀಕ್ಷೆ ಪಾಸಾದದ್ದು ಮೂರೇ ಅಂತ ಹೇಳಿತು. ಕಂಪನಿಗಳು ಒಪ್ಪಲಿಲ್ಲ. ಅಂಥ ಯಂತ್ರಕ್ಕೆ ಬೇಕಾಗುವ ಕೆಲಸವನ್ನು ನಾವು ನೀರಿನ ಲೋಟಕ್ಕೆ ಒಪ್ಪಿಸುತ್ತಿದ್ದೇವೆ.

ಹಾಗಾದರೆ ಲೇಬಲ್? ಮುಂಭಾಗದ್ದನ್ನು ನಾನು ಓದುವುದಿಲ್ಲ. "100% ಶುದ್ಧ" ಅಂತ ಬರೆಯದ ಬಾಟಲಿ ನಾನಂತೂ ನೋಡಿಲ್ಲ. ಹಿಂದೆ ತಿರುಗಿಸಿ ಮೊದಲು ಪದಾರ್ಥಗಳ ಸಾಲು ನೋಡುತ್ತೇನೆ. ಜೇನು ಅನ್ನುವ ಹೆಸರಿನಲ್ಲಿ ಮಾರಬೇಕಾದರೆ ಅದಕ್ಕೆ ಬೇರೆ ಏನೂ ಸೇರಿಸುವಂತಿಲ್ಲ. ಜೇನಿನ ಪಕ್ಕದ ಸಾಲಲ್ಲೇ ಅದೇ ಆಕಾರದ ಬಾಟಲಿಯಲ್ಲಿ "ಹನಿ ಫ್ಲೇವರ್ಡ್ ಸಿರಪ್" ಕೂತಿರುತ್ತದೆ, ಅವಸರದಲ್ಲಿ ಕೈ ಅದಕ್ಕೇ ಹೋಗುತ್ತದೆ. ಆಮೇಲೆ ಪ್ಯಾಕ್ ಮಾಡಿದ ವಿಳಾಸ. ಎದುರಿಗೆ ಪಶ್ಚಿಮ ಘಟ್ಟದ ಕಾಡಿನ ಚಿತ್ರ, ಹಿಂದೆ ಎರಡು ಸಾವಿರ ಕಿಲೋಮೀಟರ್ ದೂರದ ಕೈಗಾರಿಕಾ ಪ್ರದೇಶ ಇದ್ದರೆ ಬೆರಕೆ ಅಂತ ಅಲ್ಲ, ಆದರೆ ಚಿತ್ರಕ್ಕೂ ಜೇನಿಗೂ ಸಂಬಂಧ ಇರಲಿಕ್ಕಿಲ್ಲ. 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಹೇಳುವುದು ಲೈಸೆನ್ಸ್ ಯಾರದ್ದು ಅಂತ ಮಾತ್ರ.

ಬಾಟಲಿಗಿಂತ ನನಗೆ ಉಪಯೋಗಕ್ಕೆ ಬಂದದ್ದು ಕೂಡಿಸಿ ಕಳೆಯುವ ಲೆಕ್ಕ. ಸಂತೆಯಲ್ಲಿ ಒಬ್ಬರು "ನಮ್ಮದೇ ಪೆಟ್ಟಿಗೆಯದ್ದು, ವರ್ಷವಿಡೀ ಸಿಗ್ತದೆ" ಅಂದರು. ಎಷ್ಟು ಪೆಟ್ಟಿಗೆ ಅಂತ ಕೇಳಿದೆ. 25, ಎಲ್ಲ ತುಡುವೆ. ತಿಂಗಳಿಗೆ ಎಷ್ಟು ಹೋಗುತ್ತದೆ? 50 ಕೆಜಿ ಅಂದರು ಹೆಮ್ಮೆಯಿಂದ. ನನ್ನ ಪೆಟ್ಟಿಗೆಗಳಲ್ಲಿ ಒಳ್ಳೆಯ ವರ್ಷಕ್ಕೆ ತಲಾ ಏಳೆಂಟು ಕೆಜಿ ಬರುತ್ತದೆ. ಅವರಿಗೂ ಹಾಗೇ ಅಂದುಕೊಂಡರೂ 200 ಕೆಜಿ. ಮಾರುವುದು 600. ಮಿಕ್ಕ 400 ಎಲ್ಲಿಂದ ಅಂತ ಮೆಲ್ಲಗೆ ಕೇಳಿದಾಗ, ಬೇರೆಯವರಿಂದ ಡಬ್ಬದಲ್ಲಿ ತರಿಸುತ್ತೇವೆ ಅಂತ ಒಪ್ಪಿಕೊಂಡರು. ಅದು ಒಳ್ಳೆಯದೇ ಇರಬಹುದು. ಆದರೆ "ನಮ್ಮದೇ" ಅಲ್ಲ, ಅಲ್ವಾ?

ಕಣ್ಣೆದುರೇ ಎರಿ ಹಿಂಡಿ ಕೊಟ್ಟರೂ ಪೂರ್ತಿ ನಂಬುವ ಹಾಗಿಲ್ಲ. ಮಳೆಗಾಲದಲ್ಲಿ ಹೂವು ಇಲ್ಲದಾಗ ನಾವೆಲ್ಲ ಹುಳಗಳಿಗೆ ಸಕ್ಕರೆ ನೀರು ಕೊಡುತ್ತೇವೆ, ಕೊಡದಿದ್ದರೆ ಕುಟುಂಬ ಬಿಟ್ಟು ಹೋಗುತ್ತದೆ. ಹೂವು ಶುರುವಾದ ಮೇಲೂ ಅದನ್ನು ನಿಲ್ಲಿಸದಿದ್ದರೆ ಹುಳ ಸಕ್ಕರೆಯನ್ನೇ ಎರಿಯಲ್ಲಿ ತುಂಬಿ ಮೇಣದ ಮುಚ್ಚಳ ಹಾಕುತ್ತದೆ. ಹಾಗಾಗಿ ಸಾಕುವವರ ಹತ್ತಿರ ನಾನು ಮೊದಲು ಕೇಳುವ ಪ್ರಶ್ನೆ, "ಸಕ್ಕರೆ ಯಾವಾಗ ನಿಲ್ಲಿಸಿದಿರಿ?" ಮುಚ್ಚುಮರೆ ಇಲ್ಲದವರು ತಿಂಗಳು ಹೇಳುತ್ತಾರೆ. "ನಾವು ಸಕ್ಕರೆ ಕೊಡುವುದೇ ಇಲ್ಲ" ಅಂತ ಥಟ್ಟನೆ ಬಂದರೆ ಇನ್ನೆರಡು ಪ್ರಶ್ನೆ ಕೇಳುತ್ತೇನೆ.

ಈ ವರ್ಷ ತಂಗಿಯ ಮಗಳಿಗೆ ಕಳಿಸಿದ ಬಾಟಲಿಗೆ ನಾನೇ ಚೀಟಿ ಅಂಟಿಸಿದೆ: "ರಬ್ಬರ್ ಚಿಗುರಿನದ್ದು, ಮಾರ್ಚ್ ಎರಡನೇ ವಾರ ತೆಗೆದದ್ದು. ಸಕ್ಕರೆ ಕೊಟ್ಟದ್ದು ಅಕ್ಟೋಬರ್‌ವರೆಗೆ. ನೀರಿನಂಶ 23. ಮಳೆಗಾಲದೊಳಗೆ ಮುಗಿಸು, ಇಲ್ಲದಿದ್ದರೆ ಫ್ರಿಜ್ಜಿನಲ್ಲಿಡು." ಫ್ರಿಜ್ಜಿನಲ್ಲಿ ಇಟ್ಟಳಂತೆ. ಈಗ ನೀರಿನಲ್ಲೂ ಪಾಸಂತೆ.