ನಾಲ್ಕು ಡೆಕ್ಸಾ, ನೂರು ಕಿಲೋಮೀಟರ್ ದಾರಿ: ನನ್ನ ಅನುಭವ

ದಿನ ತುಂಬದೆ ಹುಟ್ಟೋ ಮಗುವಿನ ಶ್ವಾಸಕೋಶ ಬಲಿಯಲಿ ಅಂತ ತಾಯಿಗೆ ಡೆಕ್ಸಾಮೆಥಾಸೋನ್ ಇಂಜೆಕ್ಷನ್, ನಮ್ಮ ಮಾತಿನಲ್ಲಿ ಡೆಕ್ಸಾ, ಕೊಡೋದು ಲೇಬರ್ ರೂಮಿನಲ್ಲಿ ಕೆಲಸ ಮಾಡೋ ಯಾವ ಸಿಸ್ಟರ್‌ಗೂ ಹೊಸದಲ್ಲ. 24ರಿಂದ 34 ವಾರದ ಒಳಗೆ ಹೆರಿಗೆ ಆಗೋ ಹಾಗಿದ್ದರೆ 6 ಎಂಜಿ, ಹನ್ನೆರಡು ಗಂಟೆಗೊಂದು, ಒಟ್ಟು ನಾಲ್ಕು. 2014ರಲ್ಲೇ ಕೇಂದ್ರ ಸರ್ಕಾರದ ಮಾರ್ಗಸೂಚಿ ಬಂದಿದೆ. ರೆಫರ್ ಮಾಡೋ ಮುಂಚೆ ಮೊದಲ ಡೋಸ್ ಕೊಡಿ ಅಂತಲೂ ಅದರಲ್ಲಿದೆ. ನಾನು ಬರೆಯುತ್ತಿರುವುದು ಆ ಮೊದಲ ಡೋಸ್ ಬಗ್ಗೆ ಅಲ್ಲ. ಎರಡು, ಮೂರು, ನಾಲ್ಕನೇ ಡೋಸ್ ಎಲ್ಲಿ ಹೋಗುತ್ತವೆ ಅನ್ನೋದರ ಬಗ್ಗೆ.

ನಮ್ಮದು ಪಾವಗಡ ಕಡೆಯ ಒಂದು ಸರ್ಕಾರಿ ಆಸ್ಪತ್ರೆ. ತುಮಕೂರು ಹೆಚ್ಚೂಕಡಿಮೆ ನೂರು ಕಿಲೋಮೀಟರ್. ಇಲ್ಲಿ ಸಣ್ಣ ಮಗು ಹುಟ್ಟಿದರೆ ಇಟ್ಟುಕೊಳ್ಳೋಕೆ ಜಾಗ ಇಲ್ಲ, ಅದಕ್ಕೆ ಮಗು ಹೊಟ್ಟೆಯಲ್ಲಿರುವಾಗಲೇ ಕಳಿಸಬೇಕು. ಮುಂಚೆ ನಾವು ಒಂದು ಇಂಜೆಕ್ಷನ್ ಕೊಟ್ಟು, ಚೀಟಿಯಲ್ಲಿ "ಡೆಕ್ಸಾ ಕೊಟ್ಟಿದೆ" ಅಂತ ಬರೆದು 108 ಹತ್ತಿಸುತ್ತಿದ್ದೆವು. ಎಷ್ಟು ಕೊಟ್ಟಿದ್ದು, ಎಷ್ಟು ಗಂಟೆಗೆ, ಏನೂ ಇಲ್ಲ. ಆ ಕಡೆಯವರು ಅದನ್ನ ಓದಿ ಕೋರ್ಸ್ ಮುಗಿದಿದೆ ಅಂದುಕೊಳ್ಳೋರು, ಇಲ್ಲ ಮೊದಲಿನಿಂದ ಶುರು ಮಾಡೋರು. ಒಬ್ಬ ತಾಯಿಗಂತೂ ಎರಡು ದಿನ ಅಲ್ಲಿ ಮಲಗಿದ್ದರೂ ಇನ್ನೊಂದು ಡೋಸ್ ಬಿದ್ದಿರಲಿಲ್ಲ. ಮಗು ಹುಟ್ಟಿ ಉಸಿರಿಗೆ ಒದ್ದಾಡಿತು, ಖಾಸಗಿಗೆ ಒಯ್ದರು, ಬಿಲ್ಲು ಎರಡು ಲಕ್ಷ ದಾಟಿತು ಅಂತ ಆಮೇಲೆ ಆಶಾ ಕಾರ್ಯಕರ್ತೆ ಹೇಳಿದಳು. ಎರಡು ವರ್ಷದ ಕಡಲೆಕಾಯಿ ದುಡ್ಡು ಅದರಲ್ಲೇ ಹೋಯಿತು. ಡೆಕ್ಸಾ ವಯಲ್ ಒಂದಕ್ಕೆ ಎಷ್ಟು? ಹತ್ತು ರೂಪಾಯಿ ಆಚೀಚೆ. ಸರ್ಕಾರಿ ಸ್ಟಾಕ್ ಇದ್ದರೆ ಅದೂ ಇಲ್ಲ.

ಆಗ ನಾನು ಶುರು ಮಾಡಿದ್ದು ಪೊಟ್ಟಣ. ಮೊದಲ ಡೋಸ್ ಇಲ್ಲೇ ಕೊಡೋದು, ಉಳಿದ ಮೂರು ವಯಲ್, ಮೂರು ಸಿರಿಂಜ್ ಒಂದು ಕವರಿಗೆ ಹಾಕಿ ತಾಯಿ ಕಾರ್ಡಿಗೆ ಪಿನ್ ಹೊಡೆಯೋದು. ಕವರಿನ ಮೇಲೆ ದಪ್ಪ ಮಾರ್ಕರಿನಲ್ಲಿ ನಾಲ್ಕು ಸಾಲು. ಮೊದಲನೇ ಸಾಲಿಗೆ ನನ್ನ ಸಹಿ, ಉಳಿದ ಮೂರಕ್ಕೆ ತಾರೀಖು, ಗಂಟೆ, ಖಾಲಿ ಜಾಗ. "1.5 ಎಂಎಲ್, ಮಾಂಸಖಂಡಕ್ಕೆ" ಅಂತಲೂ ಬರೆಯುತ್ತೇನೆ. ವಯಲ್ 2 ಎಂಎಲ್, ಎಂಎಲ್‌ಗೆ 4 ಎಂಜಿ. ಅಂದರೆ ಒಂದು ವಯಲ್ ಪೂರ್ತಿ ಎಳೆದರೆ 8 ಎಂಜಿ ಆಗುತ್ತೆ, ಎಷ್ಟೋ ಜನ ಹಾಗೇ ಕೊಡುತ್ತಾರೆ. ಉಳಿಯೋ ಅರ್ಧ ಎಂಎಲ್ ಎತ್ತಿಟ್ಟರೆ ಮೂರು ವಯಲ್‌ನಲ್ಲೇ ಕೋರ್ಸ್ ಮುಗಿಯುತ್ತೆ ಅಂತ ಒಬ್ಬರು ಲೆಕ್ಕ ಹೇಳಿದರು. ಲೆಕ್ಕ ಸರಿ, ಆದರೆ ಹತ್ತು ರೂಪಾಯಿಗೋಸ್ಕರ ತೆರೆದ ವಯಲ್ ನೂರು ಕಿಲೋಮೀಟರ್ ಯಾಕೆ ಸುತ್ತಬೇಕು? ಚೆಲ್ಲುತ್ತೇನೆ.

ಎಲ್ಲರೂ ನಕ್ಕರು. "ಮದುವೆ ಮನೆ ತಾಂಬೂಲದ ಹಾಗೆ ಪೊಟ್ಟಣ ಕಟ್ತಾಳೆ" ಅಂದರು. ದಾರಿಯಲ್ಲೇ ಹೆರಿಗೆ ಆಗುತ್ತೆ ಬಿಡಿ, ಒಂದು ಡೋಸಿಂದ ಏನಾಗುತ್ತೆ ಅಂದವರೂ ಇದ್ದರು. ಪೂರ್ತಿ ಫಲ ಸಿಗೋದು ಶುರು ಮಾಡಿ ಒಂದು ದಿನ ಆದ ಮೇಲೆ, ನಿಜ. ಆದರೆ ಕೆಲವು ಗಂಟೆ ಸಿಕ್ಕರೂ ಅಷ್ಟರ ಮಟ್ಟಿಗೆ ಲಾಭ ಇದ್ದೇ ಇದೆ.

ಕೆಲಸ ಮಾಡಿದ ಕೇಸ್ ಹೇಳುತ್ತೇನೆ. ಯುಗಾದಿ ಆಗಿ ವಾರ ಕಳೆದಿರಲಿಲ್ಲ. ಎರಡನೇ ಬಸುರಿ, ಮೊದಲನೇದು ಏಳು ತಿಂಗಳಿಗೇ ಹುಟ್ಟಿ ಹೋಗಿತ್ತು. ರಾತ್ರಿ ಒಂಬತ್ತರ ಸುಮಾರಿಗೆ ನೋವು ಅಂತ ಬಂದಳು. ಗರ್ಭಕೋಶದ ಬಾಯಿ ಮೂರು ಸೆಂಟಿಮೀಟರ್ ಬಿಟ್ಟಿತ್ತು, ನೀರು ಒಡೆದಿರಲಿಲ್ಲ, ಜ್ವರ ಇಲ್ಲ. ಕೊನೇ ಮುಟ್ಟಿನ ತಾರೀಖು ಕೇಳಿದರೆ ಗೊತ್ತಿಲ್ಲ. ನಾನು ತಾರೀಖು ಕೇಳೋದನ್ನ ಬಿಟ್ಟು ಹಬ್ಬ ಕೇಳುತ್ತೇನೆ. "ಗೌರಿ ಹಬ್ಬಕ್ಕೆ ತವರಿಗೆ ಹೋಗೋಕೆ ಒಂದು ವಾರ ಮುಂಚೆ ಆಗಿದ್ದೆ ಅಕ್ಕ" ಅಂದಳು. ಗೌರಿಯಿಂದ ಯುಗಾದಿಗೆ ಇಪ್ಪತ್ತೊಂಬತ್ತು ವಾರ, ಹಿಂದೊಂದು ವಾರ, ಮುಂದೆ ನಾಲ್ಕೈದು ದಿನ, ಅಲ್ಲಿಗೆ ಮೂವತ್ತೊಂದರ ಹತ್ತಿರ. ಮೂರನೇ ತಿಂಗಳ ಸ್ಕ್ಯಾನ್ ಕೂಡ ಅದನ್ನೇ ಹೇಳುತ್ತಿತ್ತು. ಎಂಟನೇ ತಿಂಗಳಲ್ಲಿ ಮೊದಲ ಸಲ ಮಾಡಿಸಿದ ಸ್ಕ್ಯಾನ್ ಆಗಿದ್ದರೆ ನಂಬುತ್ತಿರಲಿಲ್ಲ, ಅದು ಎರಡು ಮೂರು ವಾರ ಆಚೀಚೆ ಆಗುತ್ತೆ.

ಡಾಕ್ಟರ್ ಮೇಡಂ ಒಪ್ಪಿದರು. ಒಂಬತ್ತೂವರೆಗೆ ಮೊದಲ ಡೋಸ್. ಬಿಪಿ ನೋಡಿ ನಿಫೆಡಿಪಿನ್ 20 ಎಂಜಿ ನುಂಗಿಸಿದೆವು. ಅದು ಹೆರಿಗೆ ನಿಲ್ಲಿಸೋಕಲ್ಲ, ಡೆಕ್ಸಾಗೆ ಎರಡು ದಿನ ಗಿಟ್ಟಿಸೋಕೆ. ಪೊಟ್ಟಣ ಕಟ್ಟಿ, ಗಂಡನ ಫೋನಿನಲ್ಲಿ ಬೆಳಗ್ಗೆ ಒಂಬತ್ತೂವರೆ, ರಾತ್ರಿ ಒಂಬತ್ತೂವರೆ, ಮಾರನೇ ಬೆಳಗ್ಗೆ ಒಂಬತ್ತೂವರೆಗೆ ಅಲಾರಂ ಇಟ್ಟೆ. ಅಲಾರಂ ಹೊಡೆದಾಗ ಕವರ್ ಹಿಡಿದು ಸಿಸ್ಟರ್ ಮುಂದೆ ನಿಂತ್ಕೋ, ಬೈದರೂ ಹೋಗಬೇಡ ಅಂದೆ. ನಾನೂ ಆ ಕಡೆ ಒಬ್ಬರಿಗೆ ಫೋನ್ ಮಾಡುತ್ತೇನೆ. ಯಾರಿಗೆ, ಏನು ಹೇಳಿದರೆ ಅವರು ಎದ್ದು ಬರುತ್ತಾರೆ ಅನ್ನೋದನ್ನ ಬರೆಯಲ್ಲ, ಅದು ನನ್ನ ಬಂಡವಾಳ!

ನಾಲ್ಕೂ ಬಿದ್ದವು. ನಾಲ್ಕನೇದಾದ ಮಾರನೇ ದಿನ ಬೆಳಗಿನ ಜಾವ ಹೆರಿಗೆ. ಮಗು ಒಂದೂವರೆ ಕೆಜಿ ಇತ್ತು. ಮೂಗಿನಿಂದ ಒತ್ತಡದಲ್ಲಿ ಗಾಳಿ ಕೊಡೋ ಸಿಪ್ಯಾಪ್ ಒಂದೆರಡು ದಿನ ಸಾಕಾಯಿತು. ಶ್ವಾಸಕೋಶಕ್ಕೆ ಹಾಕೋ ಸರ್ಫ್ಯಾಕ್ಟೆಂಟ್ ಬೇಕಾಗಲಿಲ್ಲ, ಹೊರಗೆ ಕೊಂಡರೆ ಅದೊಂದೇ ಸಾವಿರಗಟ್ಟಲೆ. ನಕ್ಕವರೇ ಈಗ ಕವರ್ ಎಲ್ಲಿ ಸಿಗುತ್ತೆ ಅಂತ ಕೇಳುತ್ತಿದ್ದಾರೆ.

ಹಾಗಂತ ನೋವು ಅಂದವರಿಗೆಲ್ಲ ಚುಚ್ಚಬೇಡಿ. ಉತ್ಸಾಹದಲ್ಲಿ ನಮ್ಮಲ್ಲೂ ಸ್ವಲ್ಪ ದಿನ ಹಾಗೆ ನಡೆಯಿತು, ಬಾಯಿ ಬಿಡದವರಿಗೂ ಕೊಟ್ಟರು, ಅವರಲ್ಲಿ ಜಾಸ್ತಿ ಜನ ತಿಂಗಳು ತುಂಬಿ ಹೆತ್ತರು. 2015ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ನಮ್ಮ ಬೆಳಗಾವಿಯೂ ಇತ್ತು. ಊರೂರಲ್ಲಿ ಕೊಟ್ಟು ನೋಡಿದರೆ ಸಣ್ಣ ಮಕ್ಕಳ ಸಾವು ಕಡಿಮೆಯಾಗಲಿಲ್ಲ, ತಾಯಂದಿರಿಗೆ ಸೋಂಕು ಹೆಚ್ಚಾಯಿತು. ಕೊಡಿಸಿಕೊಂಡವರಲ್ಲಿ ಹೆಚ್ಚಿನವರ ಮಕ್ಕಳು ಸಣ್ಣವೇ ಆಗಿರಲಿಲ್ಲ. 2020ರ ಅಧ್ಯಯನ ಆಸ್ಪತ್ರೆಗಳಲ್ಲೇ ನಡೆದದ್ದು. ವಾರಗಳನ್ನ ಸರಿಯಾಗಿ ಎಣಿಸಿ, ಸೋಂಕು ಇಲ್ಲ ಅಂತ ನೋಡಿ ಕೊಟ್ಟರು, ಅಲ್ಲಿ ನೂರಕ್ಕೆ ನಾಲ್ಕು ಮಕ್ಕಳು ಜಾಸ್ತಿ ಉಳಿದವು. ಇಂಜೆಕ್ಷನ್ ಅದೇ ಡೆಕ್ಸಾ.

ಸೋಂಕಿನ ವಿಷಯದಲ್ಲಿ ಒಂದು ಗೊಂದಲ ಇದೆ. ಡೆಕ್ಸಾ ಕೊಟ್ಟ ಮಾರನೇ ದಿನ ಬಿಳಿ ರಕ್ತಕಣ ತಾನಾಗೇ ಏರುತ್ತೆ. ಅದನ್ನೊಂದೇ ನೋಡಿ ಹೆದರಿ ಆಂಟಿಬಯೋಟಿಕ್ ಶುರು ಮಾಡೋರಿದ್ದಾರೆ. ನಾನು ನೋಡೋದು ಜ್ವರ, ನಾಡಿ, ಹೊಟ್ಟೆ ಮುಟ್ಟಿದರೆ ನೋವು, ನೀರಿನ ವಾಸನೆ. ಇವು ಕೊಡೋ ಮುಂಚೆಯೇ ಇದ್ದರೆ ಡೆಕ್ಸಾ ಮುಟ್ಟಲ್ಲ, ಮೇಡಂಗೆ ಫೋನ್.

ನಡುವೆ ಸಕ್ಕರೆ ಕಾಯಿಲೆ ಇರೋ ಒಬ್ಬರ ಸಕ್ಕರೆಯನ್ನ ನನ್ನದೇ ಗ್ಲುಕೋಮೀಟರಿನಲ್ಲಿ ಬರೆದಿಟ್ಟಿದ್ದೆ. ಸ್ಟ್ರಿಪ್ಪಿನ ಖರ್ಚು ಡೆಕ್ಸಾಗಿಂತ ಜಾಸ್ತಿ ಆಯಿತು! ರಾತ್ರಿ ಡೋಸ್, ಬೆಳಗ್ಗೆಯಿಂದ ಏರಿಕೆ, ಇಳಿದದ್ದು ನಾಲ್ಕೈದು ದಿನಕ್ಕೆ. ಅಂಥವರ ಕವರಿನ ಮೇಲೆ ಈಗ "ಶುಗರ್ ನೋಡಿ, ಇನ್ಸುಲಿನ್ ಜಾಸ್ತಿ ಬೇಕಾಗಬಹುದು" ಅಂತ ಐದನೇ ಸಾಲು ಬರೆಯುತ್ತೇನೆ.

ಕೆಲವರು ಡೆಕ್ಸಾ ಬದಲು ಬೆಟಾಮೆಥಾಸೋನ್, ಅಂದರೆ ಬೆಟಾ, ಯಾಕಲ್ಲ ಅಂತಾರೆ. ಪರದೇಶದಲ್ಲಿ ದಿನಕ್ಕೊಂದರಂತೆ ಎರಡು ಕೊಡೋ ಬೆಟಾ ನಿಧಾನಕ್ಕೆ ಕರಗೋ ಮಿಶ್ರಣ. ನಮ್ಮ ಕಡೆ ಅಂಗಡಿಯಲ್ಲಿ ಸಿಗೋದು ಬರೀ ಫಾಸ್ಫೇಟ್, ಬೇಗ ಮುಗಿದುಹೋಗುತ್ತೆ. ಅದನ್ನ ದಿನಕ್ಕೊಂದರ ಲೆಕ್ಕದಲ್ಲಿ ಕೊಡಬೇಡಿ.

ಇನ್ನು ನೋವು ನಿಂತು ಮನೆಗೆ ವಾಪಸ್ ಬಂದವರು. ಅವರ ಖಾಲಿ ಕವರ್ ಎಸೆಯಬೇಡಿ ಅಂತ ಹೇಳಿ ಕಳಿಸುತ್ತೇನೆ. ಏಳು ದಿನ ದಾಟಿದ ಮೇಲೆ, 34 ವಾರದ ಒಳಗೇ ಮತ್ತೆ ನೋವು ಬಂದರೆ ಇನ್ನೊಂದೇ ಒಂದು ಕೋರ್ಸ್ ಕೊಡಬಹುದು, ಅದಕ್ಕಿಂತ ಜಾಸ್ತಿ ಬೇಡ. ಹಿಂದಿನದು ಯಾವತ್ತು, ಎಷ್ಟು ಬಿತ್ತು ಅನ್ನೋದಕ್ಕೆ ಕವರಿನ ಮೇಲಿನ ಸಹಿಗಳೇ ದಾಖಲೆ.