ನನ್ನ ಅನುಭವ: ಫೀಲ್ಡ್ ರಿಪೋರ್ಟಿನ ಅಬ್‌ಸ್ಟ್ರಾಕ್ಟು, ಎಕ್ಸಿಕ್ಯುಟಿವ್ ಸಮರಿ ಎರಡನ್ನೂ ಬೇರೆ ಬೇರೆ ಬರೆದೆ, ಕೆಲಸ ಆಯ್ತು

ತುಮಕೂರು ಜಿಲ್ಲೆ ಕಡೆ ಒಂದು ಹೋಬಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳ ಫ್ಲೋರೈಡ್ ಚೆಕ್ ಮಾಡಿ ಒಂದು ಚಿಕ್ಕ ರಿಪೋರ್ಟ್ ಕೊಟ್ಟಿದ್ವಿ. ಹದಿನೈದು ಪುಟದ ಆಸುಪಾಸು. ಮೊದಲ ಸಲ ಕೊಟ್ಟಾಗ ಪಂಚಾಯ್ತಿಲಿ ಯಾರೂ ತೆಗೆದೂ ನೋಡ್ಲಿಲ್ಲ, ದುಡ್ಡು ಕೊಟ್ಟ ಸಂಸ್ಥೆಯವ್ರು ‘ಕ್ಲಾರಿಟಿ ಇಲ್ಲ’ ಅಂತ ಕೊನೆ ಕಂತು ಹಿಡಿದಿಟ್ಕೊಂಡ್ರು. ಒಳಗಿನ ಒಂದು ಅಂಕಿನೂ ಮುಟ್ಟದೆ ಮೊದಲ ಎರಡು ಪುಟ ಮಾತ್ರ ಬದಲಾಯಿಸಿ ಮತ್ತೆ ಕೊಟ್ಟೆ, ಈ ಸಲ ಪಿಡಿಒ ನಿಂತ್ಕೊಂಡೇ ಓದಿ ಮುಗಿಸಿ ಅವತ್ತೇ ವಾಟರ್‌ಮ್ಯಾನ್‌ಗೆ ಫೋನ್ ಹಚ್ಚಿದ್ರು. ‘ಬರೀ ಪದಗಳ ಆಟ, ಇದ್ರಿಂದ ಏನಾಗತ್ತೆ’ ಅಂತ ನಕ್ಕಿದ್ದ ನಮ್ಮ ಸೀನಿಯರ್ ಈಗ ತಮ್ಮ ರಿಪೋರ್ಟುಗಳ ಮೊದಲ ಪುಟ ನನಗೇ ಕಳಿಸ್ತಾರೆ, ಇರಲಿ.

ಹಳೇದು ಯಾಕೆ ಓಡ್ಲಿಲ್ಲ ಅಂದ್ರೆ, ಒಂದೇ ಪ್ಯಾರಾನ ಎರಡು ಹೆಸರಲ್ಲಿ ಹಾಕಿದ್ವಿ, ಅಬ್‌ಸ್ಟ್ರಾಕ್ಟ್ ಸ್ವಲ್ಪ ಎಳೆದು ಉದ್ದ ಮಾಡಿದ್ರೆ ಅದೇ ಸಮರಿ ಅನ್ನೋ ಲೆಕ್ಕ. ಶುರುವೇ ‘ನೀರು ಜೀವಜಲ’ದಿಂದ, ಆಮೇಲೆ ಅಂತರ್ಜಲ ಕುಸಿತ, ಆಮೇಲೆ ದೇಶದಲ್ಲಿ ಫ್ಲೋರೈಡ್ ಸಮಸ್ಯೆ, ನಮ್ಮ ರಿಸಲ್ಟ್ ಬರೋ ಹೊತ್ತಿಗೆ ಪುಟ ಮುಗೀತಿತ್ತು. ಅದೂ ಹೆಂಗೆ ಬಂತು, ‘ಕೆಲವು ಘಟಕಗಳಲ್ಲಿ ಫ್ಲೋರೈಡ್ ಪ್ರಮಾಣ ಹೆಚ್ಚಿರುವುದು ಕಂಡುಬಂದಿದೆ, ಸೂಕ್ತ ಕ್ರಮ ಅಗತ್ಯ’. ಯಾವ ಘಟಕ, ಎಷ್ಟು ಹೆಚ್ಚು, ಕ್ರಮ ಯಾರು ತಗೋಬೇಕು? ಲ್ಯಾಬಿಗೆ ಸ್ಯಾಂಪಲ್ಲಿಗೆ ಮುನ್ನೂರೋ ನಾನೂರೋ ಥರ ಒಟ್ಟು ಹತ್ತು ಸಾವಿರದ ಮೇಲೆ ಕೊಟ್ಟು ತಂದ ಅಂಕಿ ಅಲ್ಲೆಲ್ಲೂ ಇಲ್ಲ, ಕಲರ್ ಪ್ರಿಂಟು ಸ್ಪೈರಲ್ ಬೈಂಡಿಂಗಿಗೆ ಹೋದ ದುಡ್ಡು ಬೇರೆ.

ಈ ಸಲ ಉಲ್ಟಾ ಬರೆದೆ. ಮೊದಲು ಶಿಫಾರಸಿನ ವಾಕ್ಯ, ಆ ಶಿಫಾರಸನ್ನ ಹೊರೋ ಶಕ್ತಿ ಇರೋ ಒಂದೇ ಒಂದು ರಿಸಲ್ಟು, ಆ ರಿಸಲ್ಟ್ ನಂಬೋಕೆ ಎಷ್ಟು ಬೇಕೋ ಅಷ್ಟೇ ವಿಧಾನ, ಕೊನೆಗೆ ಉದ್ದೇಶ. ಹಿಂಗೆ ಹಿಂದಿನಿಂದ ಬಂದ್ರೆ ಯಾವುದು ಬೇಡ ಅಂತ ತಾನಾಗೇ ಗೊತ್ತಾಗತ್ತೆ. ನಮ್ಮಲ್ಲಿ ನೈಟ್ರೇಟ್, ಗಡಸುತನ ಎಲ್ಲಾ ಟೆಸ್ಟ್ ಮಾಡ್ಸಿದ್ವಿ, ಶಿಫಾರಸಿಗೆ ಅವು ಯಾವೂ ಆಸರೆ ಕೊಡಲ್ಲ, ಹಾಗಾಗಿ ಅವೆಲ್ಲ ಒಳಗಿನ ಟೇಬಲ್ಲಿಗೆ ಹೋದ್ವು. ಬರೆದಾದ ಮೇಲೆ ಕ್ರಮ ತಿರುಗಿಸಿ ಇಟ್ರೆ ಅಬ್‌ಸ್ಟ್ರಾಕ್ಟ್ ರೆಡಿ. ನಂದು ಹೆಚ್ಚೂಕಮ್ಮಿ ಹಿಂಗಿತ್ತು:

‘ಒಂದು ಹೋಬಳಿಯ 9 ಶುದ್ಧ ಕುಡಿಯುವ ನೀರಿನ ಘಟಕಗಳು ಫ್ಲೋರೈಡನ್ನು ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ 1.0 ಮಿ.ಗ್ರಾಂ/ಲೀ. ಮಿತಿಯೊಳಗೆ ಇಳಿಸುತ್ತಿವೆಯೇ ಎಂದು ಪರೀಕ್ಷಿಸಲಾಯಿತು. ಏಪ್ರಿಲ್‌ನಲ್ಲಿ ಒಮ್ಮೆ ಪ್ರತಿ ಘಟಕದ ಬೋರ್‌ವೆಲ್ ನೀರು, ಶುದ್ಧೀಕರಿಸಿದ ನೀರು ಮತ್ತು ತ್ಯಾಜ್ಯವಾಗಿ ಹೊರಬಿಡುವ ನೀರನ್ನು ಪ್ಲಾಸ್ಟಿಕ್ ಬಾಟಲಿಗಳಲ್ಲಿ ಸಂಗ್ರಹಿಸಿ, ಅಯಾನ್ ಸೆಲೆಕ್ಟಿವ್ ಎಲೆಕ್ಟ್ರೋಡ್‌ನಿಂದ ಫ್ಲೋರೈಡ್ ಅಳೆಯಲಾಯಿತು. ನೀರಿನಲ್ಲಿ ಕರಗಿದ ಒಟ್ಟು ಲವಣಾಂಶವಾದ ಟಿಡಿಎಸ್ ಅನ್ನು ಸ್ಥಳದಲ್ಲೇ ಅಳೆಯಲಾಯಿತು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ 1.6ರಿಂದ 2.9 ಇತ್ತು. ಶುದ್ಧೀಕರಿಸಿದ ನೀರಿನಲ್ಲಿ 7 ಘಟಕಗಳಲ್ಲಿ 0.2ರಿಂದ 0.6, ಉಳಿದ 2ರಲ್ಲಿ 1.4 ಮತ್ತು 1.7. ಈ ಎರಡರಲ್ಲಿ ಶುದ್ಧ ನೀರಿನ ಟಿಡಿಎಸ್ ಬೋರ್‌ವೆಲ್ ನೀರಿನ ಅರ್ಧಕ್ಕಿಂತ ಹೆಚ್ಚು, ಉಳಿದವುಗಳಲ್ಲಿ ಕಾಲು ಭಾಗಕ್ಕಿಂತ ಕಡಿಮೆ. ಕಾರಣ ನೀರು ಸೋಸುವ ಮೆಂಬ್ರೇನ್‌ನ ಸವೆತವೇ ಅಥವಾ ಬೋರ್‌ವೆಲ್ ನೀರನ್ನು ಸೋಸದೆ ಬೆರೆಸುವ ಬೈಪಾಸ್ ವಾಲ್ವ್ ತೆರೆದಿತ್ತೇ ಎಂದು ಪರೀಕ್ಷಿಸಿಲ್ಲ. ಮಳೆಗಾಲದ ಸ್ಥಿತಿಗೆ ಈ ಫಲಿತಾಂಶ ಅನ್ವಯಿಸದಿರಬಹುದು. ಪ್ರತಿ ಘಟಕದಲ್ಲೂ ವಾರಕ್ಕೊಮ್ಮೆ ಟಿಡಿಎಸ್ ಅಳೆದು, ಕಾಲು ಭಾಗ ದಾಟಿದಾಗ ಫ್ಲೋರೈಡ್ ಪರೀಕ್ಷೆಗೆ ಕಳಿಸಲು ಶಿಫಾರಸು ಮಾಡಲಾಗಿದೆ.’

‘ಕಾರಣ ಪರೀಕ್ಷಿಸಿಲ್ಲ’ ಅನ್ನೋ ವಾಕ್ಯಕ್ಕೆ ಟೀಮಲ್ಲಿ ದೊಡ್ಡ ಜಗಳ. ಮೆಂಬ್ರೇನ್ ಹಾಳಾಗಿದೆ ಅಂತ ನೇರ ಬರೀರಿ, ಜೋರಾಗಿರತ್ತೆ ಅಂದ್ರು. ಹೌಸಿಂಗ್ ಬಿಚ್ಚಿ ನೋಡಿದ್ದು ಯಾರು? ಎಷ್ಟೋ ಕಡೆ ನೀರು ಸಪ್ಪೆ ಅಂತ ಜನ ಗೊಣಗ್ತಾರೆ ಅಂತ ಆಪರೇಟರ್ರೇ ಸ್ವಲ್ಪ ಬೋರ್ ನೀರು ಬೆರೆಸ್ತಾನೆ, ಆಗಲೂ ಮೀಟರಲ್ಲಿ ಇದೇ ಥರ ತೋರ್ಸತ್ತೆ. ಮೆಂಬ್ರೇನ್ ಅಂತ ಬರೆದು ನಿರ್ವಹಣೆ ಏಜೆನ್ಸಿಯವ್ರು ಬಂದು ವಾಲ್ವ್ ತಿರುಗಿಸಿ ತೋರ್ಸಿದ್ರೆ ಇಡೀ ರಿಪೋರ್ಟ್ ಕಸದ ಬುಟ್ಟಿಗೆ. ಅಳೆದಿದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ ಕ್ರಿಯಾಪದ ಅಬ್‌ಸ್ಟ್ರಾಕ್ಟಲ್ಲಿ ಇದ್ರೆ ಎದುರಿನವ್ರು ಹಿಡಿಯೋದು ಅದನ್ನೇ.

ಹೊರಬಿಡೋ ನೀರಿನ ಅಂಕಿ ರಿಸಲ್ಟಲ್ಲಿ ಯಾಕಿಲ್ಲ ಅಂತ ಕೇಳಬಹುದು. ಅದನ್ನ ನಾನು ಲೆಕ್ಕ ತಾಳೆ ನೋಡೋಕೆ ಇಟ್ಕೊಂಡಿದ್ದೆ: ಒಂದು ಘಟಕದಲ್ಲಿ ಬೋರ್ ನೀರು 2.4, ಶುದ್ಧ ನೀರು 0.3, ಅರ್ಧ ನೀರು ಹೊರಗೆ ಹೋಗತ್ತೆ ಅಂದ್ರೆ ಹೊರಗಿನದ್ದು 4.5ರ ಹತ್ರ ಬರ್ಬೇಕು, ಬಂತು. ಬರದಿದ್ರೆ ಬಾಟ್ಲಿ ಅದಲುಬದಲು ಆಗಿರಬಹುದು, ಇಲ್ಲಾ ಅಳತೆ ಎಲ್ಲೋ ತಪ್ಪಿರಬಹುದು, ಅಂಥ ಅಂಕಿನ ಮೊದಲ ಪುಟಕ್ಕೆ ಹತ್ತಿಸಬಾರದು. ಅಬ್‌ಸ್ಟ್ರಾಕ್ಟು, ಸಮರಿ, ಒಳಗಿನ ಟೇಬಲ್ಲು ಮೂರೂ ಕಡೆ ಒಂದೇ ಅಂಕಿ ಇದೆಯಾ ಅಂತ ಬೇಗ ಹಿಡಿಯೋಕೆ ನನ್ನ ಹತ್ರ ಒಂದು ಉಪಾಯ ಇದೆ, ಅದು ಮಾತ್ರ ಹೇಳಲ್ಲ, ಅದ್ರಲ್ಲೇ ನನ್ನ ಹೊಟ್ಟೆಪಾಡು.

ಎಕ್ಸಿಕ್ಯುಟಿವ್ ಸಮರಿ ಪಿಡಿಒಗೆ, ಅಧ್ಯಕ್ಷರಿಗೆ. ಅಲ್ಲಿ ಎಲೆಕ್ಟ್ರೋಡ್ ಕಟ್ಕೊಂಡು ಅವ್ರಿಗೇನಾಗ್ಬೇಕು. ಮೊದಲ ವಾಕ್ಯವೇ ‘ಈ ಎರಡು ಊರಿನ ಘಟಕಗಳ ನೀರನ್ನು ರಿಪೇರಿ ಆಗಿ ಮರುಪರೀಕ್ಷೆ ಮುಗಿಯುವವರೆಗೆ ಕುಡಿಯಲು ಕೊಡಬೇಡಿ’, ಊರಿನ ಹೆಸರು ಸಮೇತ. ಎರಡನೇದು ಯಾಕೆ: ಮಿತಿ 1.0, ಇಲ್ಲಿ 1.4 ಮತ್ತು 1.7. ಬೇರೆ ನೀರಿನ ಮೂಲ ಇಲ್ಲದಿದ್ರೆ 1.5ರವರೆಗೆ ಒಪ್ಪಬಹುದು ಅಂತ ಅದೇ ಸ್ಟ್ಯಾಂಡರ್ಡಲ್ಲಿ ಇದೆ, 1.4 ಇರೋ ಊರಿನವ್ರು ಅದನ್ನೇ ಹಿಡ್ಕೊಂಡು ವಾದಕ್ಕೆ ಬರ್ತಾರೆ ಅಂತ ಗೊತ್ತಿತ್ತು, ಅದಕ್ಕೆ ‘ಪಕ್ಕದ ಊರಿನ ಘಟಕದಲ್ಲಿ ಮಿತಿಯೊಳಗಿನ ನೀರು ಸಿಗುತ್ತಿದೆ’ ಅಂತ ಒಂದು ವಾಕ್ಯ ಮೊದಲೇ ಹಾಕಿಟ್ಟೆ. ಆಮೇಲೆ ದುಡ್ಡು: ಮೊದಲು ವಾಲ್ವ್ ನೋಡಿ, ಅದಕ್ಕೆ ಖರ್ಚಿಲ್ಲ, ಮೆಂಬ್ರೇನೇ ಆದ್ರೆ ಒಂದಕ್ಕೆ ನಮಗೆ ಸಿಕ್ಕ ಕೊಟೇಶನ್ ಹದಿನೈದು ಸಾವಿರದ ಹತ್ರ, ಒಂದು ಘಟಕಕ್ಕೆ ನಾಲ್ಕು, ಟಿಡಿಎಸ್ ಮೀಟರ್ ಸಾವಿರ ಚಿಲ್ಲರೆ. ಕೊನೆಗೆ ಯಾರು, ಯಾವ ತಾರೀಖಿನ ಒಳಗೆ. ಹೇಗೆ ಪರೀಕ್ಷೆ ಮಾಡಿದ್ವಿ ಅನ್ನೋದು ಒಂದೇ ಸಾಲು, ಕೆಳಗೆ. ಒಟ್ಟು ಮುಕ್ಕಾಲು ಪುಟ.

ಇದರ ಮಧ್ಯೆ ಕೆಂಪು, ಹಳದಿ, ಹಸಿರು ಬಣ್ಣದ ಟೇಬಲ್ ಮಾಡಿ ನೋಡ್ದೆ, ಚೆನ್ನಾಗೇ ಇತ್ತು, ಆದ್ರೆ ಪಂಚಾಯ್ತಿಲಿ ಅದರ ಜೆರಾಕ್ಸ್ ತೆಗೆದಾಗ ಮೂರೂ ಬೂದಿ ಬಣ್ಣ, ಬಿಟ್ಬಿಟ್ಟೆ. ಇನ್ನೊಂದು ಪ್ರಯೋಗ ಫಲ ಕೊಡ್ತು: ಸಮರಿನ ಪ್ರಿಂಟಿಗೆ ಮುಂಚೆ ವಾಟರ್‌ಮ್ಯಾನ್ ಒಬ್ರಿಗೆ ಓದಿ ಹೇಳ್ದೆ. ‘ಎಲ್ಲಾ ಸರಿ ಸಾರ್, ಕಾಲು ಭಾಗ ಅಂದ್ರೆ ಮೀಟರಲ್ಲಿ ಎಷ್ಟು ಬರ್ಬೇಕು ಅಂತ ಹೇಳ್ಬುಡಿ’ ಅಂದ್ರು. ಅಬ್‌ಸ್ಟ್ರಾಕ್ಟಲ್ಲಿ ಕಾಲು ಭಾಗ ಅಂತಾನೇ ಉಳಿಸ್ಕೊಂಡೆ, ಬೇರೆ ಹೋಬಳಿಯವ್ರಿಗೂ ಅದು ಉಪಯೋಗಕ್ಕೆ ಬರತ್ತೆ. ಸಮರಿಯಲ್ಲಿ ಮಾತ್ರ ಒಂಬತ್ತೂ ಘಟಕಕ್ಕೆ ಬೇರೆ ಬೇರೆ ಅಂಕಿ ಹಾಕ್ದೆ, ಬೋರ್ ನೀರಿನ ಟಿಡಿಎಸ್ 1100 ಇರೋ ಕಡೆ ‘275 ದಾಟಿದರೆ ಸ್ಯಾಂಪಲ್ ಕಳಿಸಿ’ ಅಂತ. ಬೇಸಿಗೆ ಮಳೆಗಾಲಕ್ಕೆ ಬೋರ್ ನೀರು ಬದಲಾಗತ್ತೆ, ಹಂಗಾಗಿ ವರ್ಷಕ್ಕೆ ಎರಡು ಸಲ ಈ ಅಂಕಿ ತಿದ್ದಬೇಕು ಅಂತ ಕೆಳಗೆ ಒಂದು ಸಾಲು ಸೇರಿಸಿದೀನಿ, ಅದಕ್ಕೆ ಸಂಸ್ಥೆಯವ್ರು ಮುಂದಿನ ಸುತ್ತಿಗೂ ದುಡ್ಡು ಒಪ್ಕೊಂಡಿದಾರೆ.